ಪೇಟಿ ಒಡದು ಮುಟ್ಟೇದ, ಕೊರಿಯರ್‌ನವ್ರು 500 ರೂಪಾಯಿ ತಗೋರಿ ಅಂತಾರ, ಕ್ಲೇಮ್ ಹೆಂಗ ಮಾಡೋದು?

ಧಾರವಾಡದ_ಮಾಮಾ · ಜೂನ್ 8

ನಮಸ್ಕಾರ ಎಲ್ಲಾರಿಗೂ. ನಮ್ಮ ಮನ್ಯಾಗ ಒಂದು ಹಾರ್ಮೋನಿಯಂ ಇತ್ತು, ನಮ್ಮ ಕಡೆ ಪೇಟಿ ಅಂತೀವಿ, 2016ರಾಗ 22,000 ಕೊಟ್ಟು ತಗೊಂಡಿದ್ದು. ಮಗಳು ಮೈಸೂರಾಗ ಕೆಲಸಕ್ಕ ಅದಾಳ, ಮತ್ತ ನುಡಸ್ಲಿಕ್ಕೆ ಶುರು ಮಾಡ್ತೀನಿ ಕಳಸ್ರಿ ಅಂದ್ಲು, ಜೂನ್ 3ಕ್ಕ ಇಲ್ಲಿ ಕೊರಿಯರ್ ಆಫೀಸಿಗೆ ಒಯ್ದು ಕೊಟ್ಟೆ. ನಿನ್ನೆ 7ಕ್ಕ ಮುಟ್ಟೇದ. ಅಕಿ ಆಫೀಸಿನಾಗ ಇದ್ಲು, ಅಪಾರ್ಟ್‌ಮೆಂಟಿನ ವಾಚ್‌ಮನ್ ಆ ಹುಡುಗನ ಮೊಬೈಲ್ ಮ್ಯಾಲೆ ಬಳ್ಳೀಲೆ ಸೈನ್ ಗೀಚಿ ಇಟ್ಕೊಂಡಾನ.

ಸಂಜಿಗೆ ಬಂದು ತಗದು ನೋಡಿದ್ರ ಒಂದು ಮೂಲಿ ಒಳಗ ಹೋಗೇದ, ತಿದಿ ಉದ್ದಕ್ಕ ಸೀಳೇದ, ನಾಕು ಮನಿ ಒತ್ತಿದ್ರ ಮ್ಯಾಲೆ ಏಳವಲ್ವು, ಕೆಳಗಿನ ಸಪ್ತಕದಾಗ ಸ್ವರನ ಇಲ್ಲ, ಬರೇ ಹವಾ ಹೊಡದ ಸಪ್ಪಳ. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದ್ರ ಗುಡ್ ಕಂಡೀಶನ್ ಅಂತ ಸೈನ್ ಆಗೇದ ಸರ್, ಏನಿದ್ರೂ ರಸೀದಿ ಹಿಂದ ಬರದಂಗ 500 ರೂಪಾಯಿ ಅಷ್ಟ ಅಂದ್ರು. ಇದು ಖರೇನ? ಖರೀದಿ ಮಾಡಿದ ಬಿಲ್ಲೂ ಸಿಗವಲ್ದು. ಏನ್ ಮಾಡ್ಬೇಕು, ಯಾರಿಗರೆ ಗೊತ್ತಿದ್ರ ಹೇಳ್ರಿ.

ಕಾನೂನ್_ಕಿಟ್ಟಿ · ಜೂನ್ 8

ಮಾಮಾ, ಒಂದ್ ರೂಪಾಯಿನೂ ಬಿಡ್ಬೇಡಿ. ಹಿಂದೆ ಸಣ್ಣಕ್ಷರದಲ್ಲಿ ಪ್ರಿಂಟ್ ಮಾಡಿರೋದಕ್ಕೆಲ್ಲ ಕನ್ಸ್ಯೂಮರ್ ಕೋರ್ಟಲ್ಲಿ ಬೆಲೇನೇ ಇಲ್ಲ. ಡೈರೆಕ್ಟಾಗಿ ಕೇಸ್ ಹಾಕಿ, 22,000 ಪೂರ್ತಿ ಪ್ಲಸ್ ಮಾನಸಿಕ ಹಿಂಸೆಗೆ ಒಂದು 50,000 ಕೇಳಿ, ಕಂಪನಿಯೋರು ಓಡ್ಬಂದು ಸೆಟ್ಲ್ ಮಾಡ್ತಾರೆ. ಲಾಯರ್ ಕೂಡ ಬೇಕಾಗಿಲ್ಲ.

ರಗಳೆ_ರಾಯ · ಜೂನ್ 8

ಹಾರ್ಮೋನಿಯಂನ ಕೊರಿಯರಲ್ಲಿ ಕಳ್ಸೋರು ಯಾರ್ರೀ. ಬಸ್ಸಲ್ಲಿ ಪಕ್ಕದಲ್ಲಿ ಇಟ್ಕೊಂಡು ಹೋಗಿದ್ರೆ ಮುಗೀತಿತ್ತು.

ಡಾಕೆಟ್_ದಾಸ · ಜೂನ್ 8

ರಾಯರೇ, ಒಡೆದಿರೋದಕ್ಕೆ ಅದರಿಂದ ಉಪಯೋಗ ಇಲ್ಲ ಬಿಡಿ.

ಮಾಮಾ, ನಾನು ತುಮಕೂರಲ್ಲಿ ಒಂದು ಕೊರಿಯರ್ ಕಂಪನಿ ಕ್ಲೇಮ್ಸ್ ಟೇಬಲ್ ಮೇಲೆ ಹನ್ನೊಂದು ವರ್ಷ ಕೂತಿದ್ದೋನು, ಈಗ ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ, ಹಂಗಾಗಿ ಆ ಕಡೆ ಏನ್ ನೋಡ್ತಾರೆ ಅನ್ನೋದು ಹೇಳ್ಬೋದು. ಮೊದಲು ಇವತ್ತು ರಾತ್ರಿನೇ ಆಗ್ಬೇಕಾಗಿರೋದು ಎರಡು ಕೆಲಸ, ಉಳಿದಿದ್ದೆಲ್ಲ ಆಮೇಲೆ.

ಒಂದು, ಮಗಳಿಗೆ ಹೇಳಿ ಡಬ್ಬ ಎಸೀಬಾರ್ದು. ಡಬ್ಬ, ಒಳಗಿನ ಥರ್ಮೋಕೋಲು, ಬಬಲ್ ಶೀಟು, ಟೇಪು, ಎಲ್ಲಾ ಹಂಗೇ ಇರ್ಲಿ. ನೂರಕ್ಕೆ ಎಷ್ಟೋ ಕ್ಲೇಮು ಇಲ್ಲೇ ಸಾಯ್ತವೆ, ಮನೇಲಿ ಯಾರೋ ಕ್ಲೀನ್ ಮಾಡೋವಾಗ ರಟ್ಟನ್ನ ಗುಜರಿಗೆ ಹಾಕಿರ್ತಾರೆ, ಆಮೇಲೆ ಇನ್ಸ್‌ಪೆಕ್ಷನ್‌ಗೆ ಬಂದೋನು ಪ್ಯಾಕಿಂಗ್ ಸರಿ ಇರ್ಲಿಲ್ಲ ಅಂತ ಬರ್ದು ಹೋಗ್ತಾನೆ, ನಿಮ್ಮತ್ರ ತೋರ್ಸೋಕೆ ಏನೂ ಇರಲ್ಲ. ಡಬ್ಬದ ಆರೂ ಮುಖ ಫೋಟೋ ತೆಗೀಲಿ, ಒಂದ್ರಲ್ಲಿ ಡಾಕೆಟ್, ಅಂದ್ರೆ ಬುಕಿಂಗ್ ರಸೀದಿ, ಅದರ ನಂಬರಿನ ಸ್ಟಿಕರ್ ಮತ್ತೆ ಜಜ್ಜಿರೋ ಮೂಲೆ ಎರಡೂ ಒಂದೇ ಫ್ರೇಮಲ್ಲಿ ಬರ್ಬೇಕು. ಆ ಒಂದು ಫೋಟೋ ಇಲ್ಲ ಅಂದ್ರೆ ಇದು ನಮ್ ಡಬ್ಬನೇ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರೆ, ನಾನೇ ಕೇಳಿದೀನಿ. ಆಮೇಲೆ ಆ ಮೂಲೆಗೆ ಸರಿಯಾಗಿ ಪೇಟಿ ಯಾವ ಮೂಲೆ ಒಡ್ದಿದೆ ಅನ್ನೋದು ಕಾಣೋ ಹಂಗೆ ಇನ್ನೊಂದು. ಹೊರಗಿನ ಏಟು ಒಳಗಿನ ಏಟು ಒಂದಕ್ಕೊಂದು ಕೂಡ್ಬೇಕು, ಅದೇ ಮುಖ್ಯ.

ಎರಡು, ಫೋನ್ ಕಾಲ್ ಲೆಕ್ಕಕ್ಕಿಲ್ಲ. ಮೇಲ್ ಹಾಕಿ. ಹಿಂಗೆ ಬರೀರಿ ಸಾಕು:

"ಜೂನ್ 3ರಂದು ಧಾರವಾಡದಲ್ಲಿ ಈ ಡಾಕೆಟ್ ನಂಬರಿನಲ್ಲಿ ಬುಕ್ ಮಾಡಿದ ಹಾರ್ಮೋನಿಯಂ ಜೂನ್ 7ರಂದು ಮೈಸೂರಿನಲ್ಲಿ ಒಡೆದ ಸ್ಥಿತಿಯಲ್ಲಿ ತಲುಪಿದೆ. ಡಬ್ಬ ತೆರೆದ ದಿನವೇ ದೂರವಾಣಿಯಲ್ಲಿ ತಿಳಿಸಿದ್ದೇನೆ. ಫೋಟೋಗಳನ್ನು ಲಗತ್ತಿಸಿದೆ. ಡಬ್ಬ ಮತ್ತು ಪ್ಯಾಕಿಂಗ್ ಹಾಗೆಯೇ ಇಟ್ಟಿದ್ದೇನೆ, ನಿಮ್ಮವರನ್ನು ಪರಿಶೀಲನೆಗೆ ಕಳಿಸಿ. ಇದನ್ನು ಹಾನಿಯ ಬಗ್ಗೆ ಲಿಖಿತ ನೋಟಿಸ್ ಎಂದು ಪರಿಗಣಿಸಿ, ಕ್ಲೇಮ್ ನಂಬರ್ ಕೊಡಿ."

ಇಷ್ಟೇ. ಎಷ್ಟು ದುಡ್ಡು ಅಂತ ಈಗಲೇ ಬರೀಬೇಡಿ. ಬೇಜಾರು, ಅಪ್ಪನ ನೆನಪು, ಅದೆಲ್ಲ ಬೇಡ. ಕಳ್ಸೋದು ನೀವು, ಮಗಳಲ್ಲ, ಯಾಕಂದ್ರೆ ಬುಕ್ ಮಾಡಿದ್ದು ನೀವು, ಮಗಳು ಕಳ್ಸಿದ್ರೆ ಸೆಂಡರ್ ಬರ್ಲಿ ಅಂತ ಒಂದು ವಾರ ಎಳೀತಾರೆ.

ವಾಚ್‌ಮನ್ ಸೈನ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಸೈನ್ ಮಾಡಿರೋದು ಡಬ್ಬ ಬಂತು ಅಂತ, ಒಳಗಿರೋ ತಿದಿ ಚೆನ್ನಾಗಿದೆ ಅಂತ ಅಲ್ಲ. ಆದ್ರೂ ಡೆಲಿವರಿ ಟೈಮಲ್ಲೇ ಮೂಲೆ ಜಜ್ಜಿದೆ ಅಂತ ಬರೆಸಿದ್ದಿದ್ರೆ ಅರ್ಧ ಜಗಳ ತಪ್ತಿತ್ತು.

ಸುಮನಾ_ಪುತ್ತೂರು · ಜೂನ್ 9

ನನಗೂ ಹೀಗೇ ಆದದ್ದು. ಆನ್‌ಲೈನಲ್ಲಿ ಮೊಬೈಲ್ ತರಿಸಿದ್ದು, ಡಬ್ಬ ಒಡೆದರೆ ಒಳಗೆ ಬಟ್ಟೆ ಸೋಪು ಎರಡು ಬಾರ್ ಮಾರಾಯ್ರೆ. ವೀಡಿಯೋ ಕೂಡ ಉಂಟು. ಕೊರಿಯರಿನವರಿಗೆ ನಾಲ್ಕು ಮೇಲ್ ಹಾಕಿದೆ, ಉತ್ತರವೇ ಇಲ್ಲ. ಇನ್ನು ಯಾವ ಫಾರ್ಮ್ ತುಂಬಿಸುವುದು?

ಡಾಕೆಟ್_ದಾಸ · ಜೂನ್ 9

ಅಕ್ಕ, ನಿಮ್ದು ಬೇರೆ ವಿಷ್ಯ. ಕೊರಿಯರ್‌ಗೆ ದುಡ್ಡು ಕೊಟ್ಟು ಬುಕ್ ಮಾಡಿದ್ದು ಮಾರೋನು, ನೀವಲ್ಲ. ನೀವು ಹಿಡೀಬೇಕಾದ್ದು ಮಾರೋನ್ನ ಮತ್ತೆ ಆ ಆ್ಯಪ್‌ನೋರನ್ನ, ಕೊರಿಯರ್‌ನ ಅವನೇ ಹಿಡ್ಕೋತಾನೆ. ಒಂದ್ ಕೆಲಸ ಮಾಡಿ, ಸ್ಟಿಕರ್ ಮೇಲೆ ತೂಕ ಪ್ರಿಂಟ್ ಆಗಿರುತ್ತೆ, ಅದರದ್ದೊಂದು ಫೋಟೋ ತೆಗೆದು, ಸೋಪು ಸಮೇತ ಡಬ್ಬನ ದಿನಸಿ ಅಂಗಡಿ ತಕ್ಕಡೀಲಿ ಇಟ್ಟು ಇನ್ನೊಂದು ಫೋಟೋ ತೆಗೀರಿ. ಎರಡೂ ಒಂದೇ ಇದ್ರೆ ಸೋಪು ಹಾಕಿದ್ದು ಅಲ್ಲೇ, ಪ್ಯಾಕ್ ಮಾಡೋ ಜಾಗದಲ್ಲೇ. ಬೇರೆ ಬೇರೆ ಇದ್ರೆ ದಾರೀಲಿ ಯಾರೋ ಬಿಚ್ಚಿದಾರೆ.

ಸುಮನಾ_ಪುತ್ತೂರು · ಜೂನ್ 9

ಓ ಹಾಗೆ. ಸೋಪು ಒಂದನ್ನು ನಮ್ಮ ಅತ್ತೆ ಬಟ್ಟೆ ಒಗೆಯಲಿಕ್ಕೆ ತೆಗೆದುಕೊಂಡು ಆಯ್ತು, ಏನು ಮಾಡುವುದು ಈಗ.

ಧಾರವಾಡದ_ಮಾಮಾ · ಜೂನ್ 11

ದಾಸ್ ಅವರ, ನೀವು ಹೇಳಿದಂಗ ಅವತ್ತ ರಾತ್ರಿನ ಮೇಲ್ ಹಾಕೀನಿ, ಕ್ಲೇಮ್ ನಂಬರ್ ಬಂದೇದ. ಇವತ್ತು ಒಂದು ಲಿಸ್ಟ್ ಕಳಿಸ್ಯಾರ. ಕ್ಲೇಮ್ ಫಾರ್ಮ್, ಡಾಕೆಟ್ ಕಾಪಿ, ಸಾಮಾನಿನ ಇನ್ವಾಯ್ಸು, ಡ್ಯಾಮೇಜ್ ಫೋಟೋ, ರಿಪೇರಿ ಎಸ್ಟಿಮೇಟು, ಆಧಾರ್, ಕ್ಯಾನ್ಸಲ್ ಮಾಡಿದ ಚೆಕ್ಕು. ಇನ್ವಾಯ್ಸ್ ಇಲ್ಲ ಅಂದ್ರ ಕ್ಲೇಮ್ ಕ್ಲೋಸ್ ಅಂತ ಕೆಳಗ ಬರದಾರ. ಹತ್ತು ವರ್ಷದ ಹಿಂದಿನ ಬಿಲ್ಲು ಎಲ್ಲಿಂದ ತರ್ಲಿ? ಆ ಅಂಗಡಿ ಮಾಲಕ ತೀರ್ಕೊಂಡು ಅಂಗಡಿನೂ ಬಂದ್ ಆಗೇದ.

ಮತ್ತ ಡಾಕೆಟ್ ಫೋಟೋ ಹಾಕೀನಿ ನೋಡ್ರಿ. ಸಾಗಣಿ ಚಾರ್ಜ್ ಅಂದ್ರ ಫ್ರೇಟ್ 720, ಪ್ಯಾಕಿಂಗ್ 250, ಜಿಎಸ್‌ಟಿ 174.60, ಒಟ್ಟು 1,144.60. ಡಿಕ್ಲೇರ್ಡ್ ವ್ಯಾಲ್ಯೂ ಅಂತ 5,000 ಬರದಾನ ಹುಡುಗ, ನಾ ಹೇಳಿಲ್ಲ, ಅವನ ಹಾಕ್ಕೊಂಡಾನ. ಹಾನಿ ಆದ್ರ ಹೊಣೆ ಕಳಿಸಿದವರದ ಅನ್ನೋ ಓನರ್ಸ್ ರಿಸ್ಕಿಗೆ ಟಿಕ್ ಅದ.

ಡಾಕೆಟ್_ದಾಸ · ಜೂನ್ 11

ಮಾಮಾ! ಪ್ಯಾಕಿಂಗ್ 250 ಅಂತ ಅವ್ರೇ ಬಿಲ್ ಹಾಕಿದಾರೆ ಅನ್ನೋದನ್ನ ಮೊದಲೇ ಹೇಳ್ಬಾರ್ದಾ. ಪ್ಯಾಕ್ ಮಾಡಿದ್ದು ಅವ್ರೇನಾ?

ಧಾರವಾಡದ_ಮಾಮಾ · ಜೂನ್ 11

ಹೌದ್ರಿ, ನಾ ಚೀಲದಾಗ ಸುತ್ತಿ ಒಯ್ದಿದ್ದೆ, ಹಿಂಗ ತಗೊಳ್ಳಂಗಿಲ್ಲ ಅಂತ ಹುಡುಗ ಒಂದು ಹಳೇ ಟಿವಿ ಡಬ್ಬಿ ತಂದು ಎರಡು ಸುತ್ತು ಬಬಲ್ ಹಾಕಿ ಕಟ್ಟಿದ. ಅದೇನು ದೊಡ್ಡ ವಿಷಯ ಅನ್ಸಲಿಲ್ಲ ನನಗ.

ಡಾಕೆಟ್_ದಾಸ · ಜೂನ್ 11

ನಿಮ್ ಕೇಸಲ್ಲಿ ಇರೋ ಅತಿ ಗಟ್ಟಿ ಕಾಗದ ಅದೇ. ಡ್ಯಾಮೇಜ್ ಕ್ಲೇಮ್ ರಿಜೆಕ್ಟ್ ಮಾಡೋಕೆ ನಮ್ ಟೇಬಲ್ ಮೇಲೆ ಮೊದಲು ಎತ್ಕೊಳ್ತಿದ್ದ ಮಾತೇ ಇಂಪ್ರಾಪರ್ ಪ್ಯಾಕಿಂಗ್. ಹಾರ್ಮೋನಿಯಂ ಅಂದ್ರೆ ನಾಜೂಕು ಸಾಮಾನು, ಮರದ ಕ್ರೇಟ್ ಹಾಕ್ಬೇಕಿತ್ತು, ಹಾಕಿಲ್ಲ, ಹಂಗಾಗಿ ಕಳ್ಸಿದವನದೇ ತಪ್ಪು, ಫೈಲ್ ಕ್ಲೋಸ್. ಆದ್ರೆ ದುಡ್ಡು ತಗೊಂಡು ಅವ್ರೇ ಪ್ಯಾಕ್ ಮಾಡಿದ್ಮೇಲೆ ಆ ಮಾತಾಡೋ ಬಾಯಿ ಅವ್ರಿಗಿಲ್ಲ. ಆಡಿದ್ರೆ ಅವ್ರ ಸರ್ವಿಸೇ ಸರಿ ಇರ್ಲಿಲ್ಲ ಅಂತ ಅವ್ರೇ ಒಪ್ಕೊಂಡಂಗೆ. ಆ ಬಿಲ್ಲಿಗೆ ಜಿಎಸ್‌ಟಿ ಬೇರೆ ಹಾಕಿದಾರೆ, ಮುದ್ದಾಗಿ.

ಇನ್ವಾಯ್ಸ್ ವಿಷ್ಯಕ್ಕೆ ಬರೋಣ. ಇನ್ವಾಯ್ಸ್ ಯಾಕೆ ಕೇಳ್ತಾರೆ ಅಂದ್ರೆ ಒಳಗೆ ಏನಿತ್ತು, ಎಷ್ಟು ಬೆಲೆ ಅಂತ ಗೊತ್ತಾಗ್ಲಿ ಅಂತ. ಒಳಗೆ ಏನಿತ್ತು ಅನ್ನೋದು ಡಾಕೆಟ್ ಮೇಲೇ ಇದೆ, ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಯೂಸ್ಡ್ ಅಂತ ಹುಡುಗ ಬರ್ದಿದಾನೆ, ಒಳ್ಳೇದಾಯ್ತು, ಹೌಸ್‌ಹೋಲ್ಡ್ ಅಂತ ಬರ್ದಿದ್ರೆ ಕಷ್ಟ ಇತ್ತು. ಬೆಲೆಗೆ, ಮೈಸೂರಲ್ಲಿ ಹಾರ್ಮೋನಿಯಂ ರಿಪೇರಿ ಮಾಡೋರ ಹತ್ರ ಲೆಟರ್‌ಹೆಡ್ ಮೇಲೆ ಎರಡು ವಿಷಯ ಬರೆಸಿ, ಈ ಮಾದರಿ ಈಗ ಹಳೇದು ಎಷ್ಟಕ್ಕೆ ಹೋಗುತ್ತೆ ಅನ್ನೋದೊಂದು, ರಿಪೇರಿಗೆ ಎಷ್ಟು ಅನ್ನೋದು ಇನ್ನೊಂದು, ತಿದಿಗೆ ಇಷ್ಟು, ರೀಡಿಗೆ ಇಷ್ಟು ಅಂತ ಬಿಡಿಬಿಡಿಯಾಗಿ. ಒಟ್ಟು 6,000 ಅಂತ ಒಂದು ಸಾಲು ಬರ್ಕೊಟ್ರೆ ಅದನ್ನ ಅರ್ಧ ಮಾಡ್ತಾರೆ, ಬಿಡಿಬಿಡಿ ಇದ್ರೆ ಯಾವ್ದನ್ನ ಕಟ್ ಮಾಡ್ಬೇಕು ಅಂತ ಗೊತ್ತಾಗಲ್ಲ ಅವ್ರಿಗೆ.

ಇನ್ನೊಂದು ಬೇಕಾಗಿರೋದು, ನೀವು ಕೊಡೋವಾಗ ಪೇಟಿ ಚೆನ್ನಾಗಿತ್ತು ಅನ್ನೋದಕ್ಕೆ ಪುರಾವೆ. ಇದನ್ನ ಲಿಸ್ಟಲ್ಲಿ ಬರ್ದಿರಲ್ಲ, ಕೊನೇಲಿ ಕೇಳ್ತಾರೆ. ಹಳೇ ಸಾಮಾನಲ್ವಾ, ಮೊದಲೇ ಒಡ್ದಿತ್ತು ಅಂತಾರೆ. ಏನಾದ್ರೂ ಫೋಟೋ ಇದ್ಯಾ?

ಧಾರವಾಡದ_ಮಾಮಾ · ಜೂನ್ 11

ಫೋಟೋ ಇಲ್ರಿ. ಆದ್ರ ಮೇ 31ಕ್ಕ ಮಗಳಿಗೆ ತೋರಸ್ಲಿಕ್ಕಂತ ಒಂದು ನಾಕು ಸಾಲು ನುಡಿಸಿ ವಾಟ್ಸಪ್ಪಿಗೆ ವೀಡಿಯೋ ಕಳಿಸಿದ್ದೆ, ಮೊಮ್ಮಗ ಹಿಡದಿದ್ದ. ಎಲ್ಲಾ ಸ್ವರ ಚಲೋ ಕೇಳ್ತಾವ. ಎಡಕ್ಕ ಪಾಲಿಶ್ ಹೋದ ಒಂದು ಕಲಿ ಅದ, ಅದೂ ಕಾಣ್ತದ.

ಡಾಕೆಟ್_ದಾಸ · ಜೂನ್ 11

ಸಾಕು. ಆ ಕಲೆ ಈಗಿನ ಡ್ಯಾಮೇಜ್ ಫೋಟೋದಲ್ಲೂ ಕಾಣ್ಬೇಕು, ಹಂಗೊಂದು ತೆಗೆಸಿ, ಅದೇ ಪೇಟಿ ಅಂತ ಅದ್ರಿಂದ ಗೊತ್ತಾಗುತ್ತೆ. ವೀಡಿಯೋ ಮೊಮ್ಮಗನ ಫೋನಲ್ಲಿ ಒರಿಜಿನಲ್ ಇದ್ರೆ ಡಿಲೀಟ್ ಮಾಡ್ಬೇಡಿ, ವಾಟ್ಸಪ್ ಕಾಪೀಲಿ ಫೈಲಿನ ತಾರೀಕು ಹೋಗಿರುತ್ತೆ, ಚಾಟ್ ಸ್ಕ್ರೀನ್‌ಶಾಟೂ ಜತೆಗೆ ಇಟ್ಕೊಳ್ಳಿ.

ಈಗ ದುಡ್ಡಿನ ಲೆಕ್ಕ. ನಿಮ್ದು ಸರ್ಫೇಸಲ್ಲಿ ಹೋಗಿದೆ, ಅಂದ್ರೆ ರಸ್ತೆ ಮೇಲೆ. ರಸ್ತೆ ಸಾಗಣೆಗೆ 2007ರ ಕ್ಯಾರೇಜ್ ಬೈ ರೋಡ್ ಆ್ಯಕ್ಟ್ ಅಂತ ಒಂದಿದೆ, ಮನೆ ಬಾಗಿಲಿಂದ ಬಾಗಿಲಿಗೆ ತಲುಪಿಸೋ ಕೊರಿಯರ್ ಏಜೆನ್ಸಿಗಳ್ನೂ ಅದರಲ್ಲಿ ಸೇರಿಸಿದಾರೆ. ಅದರ 2011ರ ನಿಯಮದ ಪ್ರಕಾರ ಜಾಸ್ತಿ ಬೆಲೆ ಹೇಳಿ ಅದಕ್ಕೆ ಎಕ್ಸ್‌ಟ್ರಾ ರಿಸ್ಕ್ ಚಾರ್ಜ್ ಕಟ್ಟಿಲ್ಲ ಅಂದ್ರೆ ಕಂಪನಿ ಹೊಣೆ ಫ್ರೇಟಿನ ಹತ್ತು ಪಟ್ಟಿಗೆ ನಿಲ್ಲುತ್ತೆ, ಅದೂ ಡಾಕೆಟ್ ಮೇಲೆ ಬರ್ದಿರೋ ಬೆಲೆ ದಾಟೋಂಗಿಲ್ಲ. ನಿಮ್ ಫ್ರೇಟ್ 720, ಹತ್ತು ಪಟ್ಟು 7,200. ಆದ್ರೆ ಡಿಕ್ಲೇರ್ಡ್ ವ್ಯಾಲ್ಯೂ 5,000 ಅಂತಿದೆ, ಹಂಗಾಗಿ 5,000. ಆ 500 ಎಲ್ಲಿಂದ ಬಂತೋ ಅವ್ರ ರಸೀದಿ ಹಿಂದೆ ಮಾತ್ರ ಇದೆ. 22,000 ಸಿಗಲ್ಲ ಅಂತಾನೇ ಅಂದ್ಕೊಂಡು ಹೋಗಿ.

ಆ 5,000 ಬರ್ದ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಕೌಂಟರಲ್ಲಿ ಎಲ್ರೂ ಹಂಗೇ ಮಾಡೋದು, ನಿಜ ಬೆಲೆ ಬರೆದ್ರೆ ರಿಸ್ಕ್ ಚಾರ್ಜ್ ಕೇಳ್ಬೇಕು, ಗಿರಾಕಿ ಗೊಣಗ್ತಾನೆ, ಪಕ್ಕದ ಅಂಗಡಿಗೆ ಹೋಗ್ತಾನೆ.

ಕಾನೂನ್_ಕಿಟ್ಟಿ · ಜೂನ್ 12

ಒಪ್ಪಲ್ಲ ಸರ್. ಲಿಮಿಟೆಡ್ ಲಯಬಿಲಿಟಿ ಕ್ಲಾಜ್, ಅಂದ್ರೆ ನಮ್ ಹೊಣೆ ಇಷ್ಟೇ ಅನ್ನೋ ಷರತ್ತು, ಗ್ರಾಹಕರ ಮೇಲೆ ನಡೆಯಲ್ಲ. ಓನರ್ಸ್ ರಿಸ್ಕ್ ಅಂತ ಟಿಕ್ ಮಾಡಿದ್ರೂ ಅಷ್ಟೆ.

ಗುಮಾಸ್ತ_ಗೋಪಿ · ಜೂನ್ 12

ಮೈಸೂರಿನ ವಕೀಲರೊಬ್ರ ಆಫೀಸಲ್ಲಿ ಇದೀನಿ. ಕಿಟ್ಟಿಯವ್ರು ಹೇಳಿದ್ರಲ್ಲಿ ಎರಡನೇದು ಸರಿ, ಮೊದಲನೇದು ಅರ್ಧ ಸರಿ. ಓನರ್ಸ್ ರಿಸ್ಕ್ ಅಂತ ಇದ್ದ ಮಾತ್ರಕ್ಕೆ ಸಾಗಿಸೋನು ತನ್ನ ನಿರ್ಲಕ್ಷ್ಯದಿಂದ ಪಾರಾಗಲ್ಲ ಅಂತ ನಾಥ್ ಬ್ರದರ್ಸ್ ಎಕ್ಸಿಮ್ ಕೇಸಲ್ಲಿ 2000ನೇ ಇಸವೀಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಲಿಮಿಟ್ ವಿಷಯದಲ್ಲಿ 1996ರ ಭಾರತಿ ನಿಟ್ಟಿಂಗ್ ಕೇಸ್ ಓದಿ, ಕೊರಿಯರ್ ಮೇಲೇನೇ ಇದ್ದ ಕೇಸದು, ಷರತ್ತಿಗೆ ಸಹಿ ಹಾಕಿದ್ಮೇಲೆ ಆ ಮಿತಿಗೆ ಬದ್ಧ ಅಂತ ಹೇಳಿ 100 ಡಾಲರ್‌ಗೇ ನಿಲ್ಸಿದ್ರು. ಎದುರುಗಡೆ ವಕೀಲ್ರು ಇವತ್ತಿಗೂ ಮೊದಲು ಎತ್ತೋದು ಅದನ್ನೇ. ನಮ್ಮ ಕಡೆಯೋರು ಉತ್ತರ ಕೊಡೋದು ಏನಂದ್ರೆ ಸಹಿನೇ ಹಾಕಿಸಿಲ್ಲ, ಷರತ್ತು ತೋರ್ಸೇ ಇಲ್ಲ ಅಂತ. ಆ ವಾದ ಒಪ್ಪಿ ಪೂರ್ತಿ ಕೊಡಿಸಿರೋ ಗ್ರಾಹಕ ಆಯೋಗಗಳೂ ಇವೆ, ಒಪ್ಪದೇ ಇರೋವೂ ಇವೆ.

ಹಂಗಾಗಿ ಮಾಮಾ, ನಿಮ್ ಡಾಕೆಟ್ ಮೇಲೆ ಸೆಂಡರ್ ಸಿಗ್ನೇಚರ್ ಅನ್ನೋ ಜಾಗದಲ್ಲಿ ಏನಿದೆ ನೋಡಿ.

ಧಾರವಾಡದ_ಮಾಮಾ · ಜೂನ್ 12

ನನ್ನ ಕಾಪಿ ಮ್ಯಾಲೆ ಖಾಲಿ ಅದರಿ. ಅವರ ಕಾಪಿ ಮ್ಯಾಲೆ ಮಾಡೀನೋ ಇಲ್ಲೋ ಖರೇ ಹೇಳ್ತೀನಿ ನೆನಪಿಲ್ಲ. ಒಂದು ಕಡೆ ಏನೋ ಗೀಚಿದಂಗ ನೆನಪು.

ಗುಮಾಸ್ತ_ಗೋಪಿ · ಜೂನ್ 12

ಹಂಗಾದ್ರೆ ಅದನ್ನ ನಂಬ್ಕೊಂಡು ಈಗಲೇ ದೊಡ್ಡ ಮೊತ್ತಕ್ಕೆ ಹೋಗೋದು ಬೇಡ. ಆಯೋಗದ ಬಾಗಿಲು ಎರಡು ವರ್ಷ ತೆಗ್ದಿರುತ್ತೆ, 2019ರ ಕಾಯ್ದೆ ಬಂದ್ಮೇಲೆ ನೀವಿರೋ ಧಾರವಾಡದಲ್ಲೇ ಹಾಕ್ಬೋದು, ನಿಮ್ಮಂಥ ಸಣ್ಣ ಕೇಸಿಗೆ ಫೀಸೂ ಇಲ್ಲ. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ರೆ ಎಷ್ಟೋ ಕಂಪನಿಯೋರು ಅಲ್ಲೇ ಉತ್ತರ ಕೊಡ್ತಾರೆ. ಕಿಟ್ಟಿಯವ್ರೇ, ಆ 50,000ದ ಮಾನಸಿಕ ಹಿಂಸೆ ನಾನು ಟೈಪ್ ಮಾಡಿರೋ ಅರ್ಜೀಲೆಲ್ಲ ಇರುತ್ತೆ, ಆದೇಶದಲ್ಲಿ ಅಷ್ಟು ನೋಡಿದ ನೆನಪಿಲ್ಲ.

ಪುಸ್ತಕದಂಗಡಿ_ಶಿವಮೊಗ್ಗ · ಜೂನ್ 13

ಲೇಟಾಗಿ ನೋಡಿದೆ ಈ ಚರ್ಚೆ, ನಂದು ಒಡೆದಿದ್ದಲ್ಲ, ಕಳೆದಿದ್ದು, ಆದ್ರೂ ಹೇಳ್ತೀನಿ ಯಾಕಂದ್ರೆ ತಾರೀಕಿನ ವಿಷಯ ಇಲ್ಲಿ ಯಾರೂ ಹೇಳಿಲ್ಲ. ಹೋದ ವರ್ಷ ಜನವರಿ 10ಕ್ಕೆ ಕಲಬುರಗಿ ಕಾಲೇಜಿಗೆ ಮೂರು ಬಾಕ್ಸ್ ಪುಸ್ತಕ ಬುಕ್ ಮಾಡಿದ್ದೆ, ಎರಡೇ ಹೋಗಿ ಮುಟ್ಟಿದ್ದು. ಅಲ್ಲಿ ಲೈಬ್ರರಿಯವ್ರು ಜಾಣರು, ಎರಡು ಬಾಕ್ಸ್ ಮಾತ್ರ ಬಂದಿದೆ ಅಂತ ಬರ್ದೇ ಸೈನ್ ಹಾಕಿದ್ರು, ಹಂಗಾಗಿ ಕಳೆದಿದೆ ಅನ್ನೋದ್ರಲ್ಲಿ ಜಗಳ ಇರ್ಲಿಲ್ಲ. ಆದ್ರೆ ಕಂಪನಿಯೋರು ಟ್ರೇಸ್ ಮಾಡ್ತಿದೀವಿ, ಸಾರ್ಟಿಂಗ್ ಹಬ್‌ನಲ್ಲಿ ಹುಡುಕ್ತಿದೀವಿ, ಇನ್ನೊಂದು ವಾರ ಅಂತ ಮಾರ್ಚ್ ಏಪ್ರಿಲ್ ಮೇ ಎಲ್ಲಾ ಕಳೆದ್ರು, ನಾನೂ ಒಳ್ಳೇ ಮಾತಲ್ಲೇ ಮೇಲ್ ಹಾಕ್ತಾ ಇದ್ದೆ, ದಯವಿಟ್ಟು ಹುಡುಕಿಕೊಡಿ ಅಂತ. ಕೊನೆಗೆ ಜುಲೈ 14ಕ್ಕೆ ನೋಟಿಸ್ ಕಳ್ಸಿದೆ. ವಾಪಸ್ ಬಂದ ಉತ್ತರ ಏನ್ ಗೊತ್ತಾ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಬಂದಿಲ್ಲ, ಹಂಗಾಗಿ ಕ್ಲೇಮ್ ನಿಲ್ಲಲ್ಲ ಅಂತ. ಲೆಕ್ಕ ಹಾಕಿದ್ರೆ ಜುಲೈ 9ಕ್ಕೇ ಮುಗ್ದಿತ್ತು. ಐದು ದಿನ.

ಡಾಕೆಟ್_ದಾಸ · ಜೂನ್ 13

ಅಯ್ಯೋ. ಆ 180 ದಿನ ಅದೇ 2007ರ ಕಾಯ್ದೇಲಿರೋದು. ಕಳೆದಿದ್ದು ಗೊತ್ತಾದ ದಿನದಿಂದ ಅಲ್ಲ, ಬುಕಿಂಗ್ ದಿನದಿಂದ ಲೆಕ್ಕ. ಟ್ರೇಸ್ ಮಾಡ್ತಿದೀವಿ ಅಂತ ಅಂದ್ರೂ ಗಡಿಯಾರ ನಿಲ್ಲಲ್ಲ. ಎಲ್ರೂ ಬೇಕಂತಲೇ ಎಳೀತಾರೆ ಅನ್ನಲ್ಲ, ಹಬ್‌ನಲ್ಲಿ ಸ್ಟಿಕರ್ ಕಿತ್ತೋದ ಡಬ್ಬಗಳ ಒಂದು ಮೂಲೆನೇ ಇರುತ್ತೆ, ನಿಜವಾಗ್ಲೂ ಹುಡುಕ್ತಿರ್ತಾರೆ. ನೀವು ಆ ಮೇಲ್‌ಗಳಲ್ಲಿ ಒಂದು ಬಾಕ್ಸ್ ಬಂದಿಲ್ಲ ಅಂತ ತಾರೀಕು ಸಮೇತ ಬರ್ದಿದ್ರೆ ಅದನ್ನೇ ನೋಟಿಸ್ ಅಂತ ವಾದ ಮಾಡ್ಬೋದಲ್ವಾ, ಗೋಪಿ ಏನಂತೀರಿ?

ಗುಮಾಸ್ತ_ಗೋಪಿ · ಜೂನ್ 13

ವಾದ ಮಾಡ್ಬೋದು. ಹುಡುಕಿಕೊಡಿ ಅಂತ ಕೇಳಿದ್ದು ನಷ್ಟದ ನೋಟಿಸ್ ಅಲ್ಲ ಅಂತ ಅವ್ರು ಅಂತಾರೆ. ಗೆಲ್ತೀರಾ ಅಂತ ನಾನು ಹೇಳೋಂಗಿಲ್ಲ. ಜತೆಗೆ ವ್ಯಾಪಾರದ ಸರಕಲ್ವಾ, ಗ್ರಾಹಕನೇ ಅಲ್ಲ ಅಂತಾನೂ ಎತ್ತುತ್ತಾರೆ, ಹೊಟ್ಟೆಪಾಡಿಗೆ ಒಬ್ನೇ ನಡೆಸೋ ಅಂಗಡಿ ಅಂತ ನೀವು ತೋರಿಸ್ಬೇಕಾಗುತ್ತೆ.

ಪುಸ್ತಕದಂಗಡಿ_ಶಿವಮೊಗ್ಗ · ಜೂನ್ 13

ಒಬ್ನೇ ಅಲ್ಲ, ಇಬ್ರು ಹುಡುಗ್ರಿದಾರೆ ಕೆಲಸಕ್ಕೆ. ನಮ್ ಆಡಿಟರ್ ಬೇರೆ, ಕಳೆದ ಸರಕಿನ ಜಿಎಸ್‌ಟಿ ಕ್ರೆಡಿಟ್ ವಾಪಸ್ ಕಟ್ಟಿ ಅಂತ ಕೂತಿದಾರೆ. ಪುಣ್ಯಕ್ಕೆ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆ ಬಾಕ್ಸಲ್ಲಿದ್ದ ಸ್ಟೇಷನರಿದು ಮಾತ್ರ.

ಡಾಕೆಟ್_ದಾಸ · ಜೂನ್ 13

ಮಾಮಾ, ನಿಮ್ ಜೂನ್ 3ಕ್ಕೆ 180 ದಿನ ಅಂದ್ರೆ ನವೆಂಬರ್ 30. ಮೇಲ್ ಆಗ್ಲೇ ಹೋಗಿದೆ, ಆದ್ರೂ ಅದನ್ನೇ ಪ್ರಿಂಟ್ ಹಾಕಿ ಸೈನ್ ಮಾಡಿ ಕಂಪನಿಯ ರಿಜಿಸ್ಟರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟಲ್ಲಿ ಒಂದು ಕಳ್ಸಿ, ರಸೀದಿ ಮತ್ತೆ ಟ್ರ್ಯಾಕಿಂಗಲ್ಲಿ ಡೆಲಿವರ್ಡ್ ಅಂತ ಬಂದಿದ್ದು ಎರಡೂ ಇಟ್ಕೊಳ್ಳಿ. ಧಾರವಾಡದ ಬ್ರಾಂಚಿಗೆ ಕೊಟ್ರೆ ಆಗಲ್ಲ, ಅದು ಫ್ರಾಂಚೈಸಿ ಇರುತ್ತೆ, ನಾಳೆ ಬೋರ್ಡ್ ಬದಲಾಯಿಸ್ಬಿಡ್ತಾನೆ.

ರಗಳೆ_ರಾಯ · ಜೂನ್ 13

ಕೊರಿಯರ್ ಮೇಲೆ ಕಂಪ್ಲೇಂಟ್ ಮಾಡೋಕೆ ಪೋಸ್ಟಾಫೀಸು. ಮೊದಲೇ ಪೋಸ್ಟಲ್ಲಿ ಕಳಿಸ್ಬೋದಿತ್ತಲ್ಲ.

ಡಾಕೆಟ್_ದಾಸ · ಜೂನ್ 13

ಪೋಸ್ಟಲ್ಲಿ ಇನ್ಶೂರ್ ಮಾಡಿಸ್ದೆ ಸ್ಪೀಡ್ ಪೋಸ್ಟ್ ಪಾರ್ಸಲ್ ಕಳೆದೋದ್ರೆ ಸಿಗೋದು ಕಟ್ಟಿದ ಚಾರ್ಜಿನ ಎರಡು ಪಟ್ಟು ಅಥವಾ 1,000, ಯಾವ್ದು ಕಮ್ಮಿನೋ ಅದು. ರಾಯರು ಅದನ್ನೂ ತಿಳ್ಕೊಂಡಿರ್ಲಿ.

ಧಾರವಾಡದ_ಮಾಮಾ · ಜೂನ್ 27

ತಡಾ ಆತು, ಕ್ಷಮಿಸ್ರಿ. ಮೊನ್ನೆ ಇನ್ಸ್‌ಪೆಕ್ಷನ್ ಅಂತ ಮೈಸೂರಿನ ಮನಿಗೆ ಒಬ್ಬ ಹುಡುಗ ಬಂದಿದ್ದ. ಬಂದವನ ಪ್ಯಾಕಿಂಗ್ ವೀಕ್ ಅದ ಮೇಡಂ ಅಂದಾನ. ಮಗಳು ಪ್ಯಾಕಿಂಗ್ 250 ಅಂತಿರೋ ಬಿಲ್ ಅವನ ಮುಂದ ಹಿಡದಾಳ. ಒಂದು ನಿಮಿಷ ನೋಡಿ, ಫೋಟೋ ಹೊಡ್ಕೊಂಡು, ರಿಪೋರ್ಟಿನಾಗ ಹೊರಗಿನ ಡಬ್ಬಿ ಮೂಲಿಗೆ ಏಟು, ಒಳಗ ಅದ ಕಡೆ ಏಟು ಅಂತ ಬರದಾನ. ಆ ಕಾಗದದ ಫೋಟೋ ಅವನ ಕೈಯಾಗಿಂದನ ತಗೊಂಡಾಳ ಅಕಿ, ನಾ ಹೇಳಿರ್ಲಿಲ್ಲ.

ಎಸ್ಟಿಮೇಟು ಮೈಸೂರಿನ ರಿಪೇರಿಯವರ ಕಡೆ ಬರಸೀವಿ. ತಿದಿ ಹೊಸದು 2,400, ರೀಡ್ ಏಳು ಬದಲಿ 1,750, ಮನಿ ಮತ್ತ ಸ್ಪ್ರಿಂಗ್ 650, ಮೂಲಿ ಮರದ ಕೆಲಸ 900, ಟ್ಯೂನಿಂಗ್ 600. ಒಟ್ಟು 6,300. ಹಳೇದು ಇದ್ದಂಗ 14,000 ಆಗ್ತಿತ್ತು ಅಂತನೂ ಬರದು ಕೊಟ್ಟಾರ. ಎಲ್ಲಾ ಸೇರ್ಸಿ ಕಳಿಸೀನಿ. ಎಷ್ಟು ಕೇಳ್ಬೇಕು? 6,300 ಕೇಳ್ಲೋ 5,000 ಕೇಳ್ಲೋ?

ಡಾಕೆಟ್_ದಾಸ · ಜೂನ್ 27

6,300 ರಿಪೇರಿ, 250 ಪ್ಯಾಕಿಂಗ್ ವಾಪಸ್, 720 ಫ್ರೇಟ್ ವಾಪಸ್ ಅಂತ ಬೇರೆ ಬೇರೆ ಸಾಲಲ್ಲಿ ಕೇಳಿ. ಅವ್ರು 5,000ಕ್ಕೆ ಬಂದು ನಿಲ್ತಾರೆ. ನೀವೇ 5,000 ಅಂತ ಶುರು ಮಾಡಿದ್ರೆ 2,500ಕ್ಕೆ ನಿಲ್ತಾರೆ.

ಗುಮಾಸ್ತ_ಗೋಪಿ · ಜೂನ್ 27

ಅಂತಿಮ ಅಂತ ಒಂದು ಕಾಗದ ಬರುತ್ತೆ ಆಮೇಲೆ. ಪೂರ್ಣ ಹಾಗೂ ಅಂತಿಮ ತೀರುವಳಿ, ಮುಂದೆ ಯಾವ ತಕರಾರೂ ಇಲ್ಲ ಅಂತ. ಮೊತ್ತ ಬರೆಯದೆ ಖಾಲಿ ಬಿಟ್ಟು ಸಹಿ ಕೇಳಿದ್ರೆ ಮಾಡ್ಬೇಡಿ. ಸಹಿ ಆದ್ಮೇಲೆ ಆಯೋಗಕ್ಕೆ ಹೋದ್ರೆ ಒತ್ತಡ ಹಾಕಿ ಮಾಡಿಸ್ಕೊಂಡ್ರು ಅಂತ ನೀವೇ ಸಾಬೀತು ಮಾಡ್ಬೇಕಾಗುತ್ತೆ.

ಧಾರವಾಡದ_ಮಾಮಾ · ಜುಲೈ 19

ಮೊದಲು 2,000 ಅಂದ್ರು, ನಾ ಒಲ್ಲೆ ಅಂದೆ. 1915ಕ್ಕ ದೂರು ಕೊಟ್ಟೆ. ಅದಾದ ಎಂಟು ದಿನಕ್ಕ ಬೇರೆ ಯಾರೋ ಮೇಡಂ ಫೋನ್ ಮಾಡಿ 5,000 ಕೊಡ್ತೀವಿ, ಸೆಟ್ಲ್‌ಮೆಂಟ್ ಲೆಟರಿಗೆ ಸೈನ್ ಮಾಡಿ ಕಳಸ್ರಿ ಅಂದಾರ. ಲೆಟರಿನಾಗ ಮೊತ್ತ ಬರದಾರ, ಖಾಲಿ ಇಲ್ಲ. ಆದ್ರ ಫ್ರೇಟು, ಪ್ಯಾಕಿಂಗ್ ಬಗ್ಗೆ ಸುದ್ದಿನ ಇಲ್ಲ. ಕೇಳಿದ್ರ ಅದು ಪಾಲಿಸಿನಾಗ ಇಲ್ಲ ಅಂತಾರ.

ಕಾನೂನ್_ಕಿಟ್ಟಿ · ಜುಲೈ 19

ಸೈನ್ ಮಾಡ್ಬೇಡಿ ಮಾಮಾ, 970 ಬಿಡ್ಬೇಡಿ. ಇಷ್ಟು ದೂರ ಬಂದ್ಮೇಲೆ.

ಡಾಕೆಟ್_ದಾಸ · ಜುಲೈ 19

ನಾನಾಗಿದ್ರೆ 250 ಮಾತ್ರ ಹಿಡೀತಿದ್ದೆ. ಪ್ಯಾಕಿಂಗ್‌ಗೆ ತಗೊಂಡ ದುಡ್ಡು, ಪ್ಯಾಕಿಂಗ್ ಸರಿ ಮಾಡಿಲ್ಲ ಅಂತ ನಿಮ್ ಇನ್ಸ್‌ಪೆಕ್ಟರೇ ಮನೇಲಿ ಬಂದು ಹೇಳಿದಾನೆ ಅಂತ ಒಂದು ಸಾಲು ಬರ್ದು ಹಾಕಿ. ಅವ್ನು ಬಾಯಲ್ಲಿ ಹೇಳಿದ್ದು ರಿಪೋರ್ಟಲ್ಲಿ ಇಲ್ಲ, ಆದ್ರೂ ಬರೀರಿ.

ಧಾರವಾಡದ_ಮಾಮಾ · ಜುಲೈ 20

ಬರದು ಹಾಕೀನ್ರಿ. ಉತ್ತರ ಬಂದಿಲ್ಲ ಇನ್ನೂ. ಮಗಳು 5,000 ಬರೋದ ಬರ್ಲಿ ಅಂತ ರಿಪೇರಿಗೆ ಕೊಟ್ಟಾಳ. ಕೊಡೋಕಿಂತ ಮೊದಲು ಎಲ್ಲಾ ಕಡಿಂದ ಫೋಟೋ ಹೊಡದು, ಸೀಳಿದ ತಿದಿ, ಹಳೇ ರೀಡು ವಾಪಸ್ ಕೊಡ್ರಿ ಅಂತ ಅವರಿಗೆ ಹೇಳ್ಯಾಳ. ಆ ಟಿವಿ ಡಬ್ಬಿ ಮಾತ್ರ ಇನ್ನೂ ಅಕಿ ಹಾಲಿನಾಗನ ಕೂತದ, ಓನರ್ ಬಂದಾಗೊಮ್ಮೆ ಯಾವಾಗ ತೆಗಿತೀರಿ ಅಂತಾರಂತ.